ಬೆಬ್ಬರಮಲ್ಲಿ

"ನಿಮ್ಮಾಯಿ ಹಂಗ ಅಂದಿರಾಕ ಸಾಧ್ಯನ ಇಲ್ಲ. ಸುಳ್ಳ ಹೇಳಬ್ಯಾಡ!"

"ನಮ್ಮಾಯಿ ಏನಂತಿದ್ಳು ಏನಿಲ್ಲ ಅನ್ನೋದು ನಿಮಗ ಹ್ಯಾಂಗ ಗೊತ್ತು ಕಾಕಾ? ನೀವೇನ ನಮ್ಮ ಮನ್ಯಾಗ ಕುಂತಿದ್ರೇನು?"

"ಯಾವ ಆಯಿನೂ ಅನ್ನಂಗಿಲ್ಲ. ಇಂಡಿ ತಾಲೂಕಿನಾಗೂ ಇಲ್ಲ, ಸಿಂದಗಿಯಾಗೂ ಇಲ್ಲ, ನಮ್ಮ ಬಾಗಲಕೋಟಿ ಕಡೆನೂ ಇಲ್ಲ. ಎಲ್ಲಿಂದ ಕದ್ದಿ ಅದನ್ನ ಮೊದಲ ಹೇಳು."

"ಕದ್ದೆ? ಮಾತ ಕದೀಲಾಕ ಅದೇನ ಕೋಳೀನ?"

ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನಾನು ಮೈಕಿನಲ್ಲಿ ಕೂಗುತ್ತಿದ್ದೆ. ಗಾಜಿನ ಆ ಕಡೆ, ಡಬ್ಬಿಂಗ್ ಕೋಣೆಯಲ್ಲಿ ನಿಂತು ತನ್ನ ಅಜ್ಜಿಯ ಹೆಸರು ಹೇಳುತ್ತಿದ್ದ ಕಸ್ತೂರಿ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿಕೊಂಡಳು. ನನ್ನ ಕೂಗು ನೇರ ಅವಳ ಕಿವಿಯೊಳಗೇ ಬಡಿಯುತ್ತಿತ್ತು. ಬಡಿಯಲಿ ಅಂತಲೇ ನಾನು ಕೂಗುತ್ತಿದ್ದುದು.

"ಯಮನೂರಪ್ಪನೋರೇ, ಒಂದ್ನಿಮಿಷ ಸುಮ್ನಿರಿ. ಅಂಥಾದ್ದೇನಾಯ್ತು ಈಗ? ಒಂದ್ ಪದ ತಾನೇ?" ಅಂದ ನಿರ್ದೇಶಕ ನಿರಂಜನ್.

ಒಂದು ಪದ ತಾನೇ ಅಂತೆ. ಈ ಒಂದು ಪದ, ಒಂದು ಪದ ಅಂತಲೇ ನಾನು ಇಪ್ಪತ್ತೊಂದು ವರ್ಷ ಗಾಂಧಿನಗರದಲ್ಲಿ ಅನ್ನ ಉಂಡವನು.

ನನ್ನ ಕೆಲಸ ಏನೆಂದು ಊರಲ್ಲಿ ಯಾರಾದರೂ ಕೇಳಿದರೆ ಹೇಳಿ ಮುಗಿಸುವುದೇ ಕಷ್ಟ. ನಾನು ಕಥೆ ಬರೆಯುವುದಿಲ್ಲ. ಬೇರೆಯವರು ಬರೆದ ಮಾತನ್ನು, ಆಡುವವರ ಬಾಯಿಗೆ ಒಗ್ಗುವ ಹಾಗೆ ತಿರುಗಿಸಿ ಕೊಡುತ್ತೇನೆ. ಈ ಸಿನಿಮಾದ್ದೇ ತಗೊಳ್ಳಿ. ಇಂಡಿ ತಾಲೂಕಿನ ಒಂದು ಹಳ್ಳಿ. ಎಪ್ಪತ್ತೆರಡರ ಮುದುಕಿ ಒಬ್ಬಳು ಕೊಲೆಯೊಂದನ್ನು ಕಣ್ಣಾರೆ ನೋಡುತ್ತಾಳೆ. ನಿರಂಜನ್ ಬರೆದುಕೊಂಡು ಬಂದ ಹಾಳೆಯಲ್ಲಿ ಎಲ್ಲರೂ ಒಂದೇ ಥರ ಮಾತಾಡುತ್ತಿದ್ದರು. "ನಾಳೆ ನಾನು ಕೋರ್ಟಿಗೆ ಹೋಗಿ ಸಾಕ್ಷಿ ಹೇಳ್ತೀನಿ." ಮುದುಕಿಯೂ ಹಾಗೇ, ಮಾಸ್ತರೂ ಹಾಗೇ, ಪೊಲೀಸನೂ ಹಾಗೇ. ಎಲ್ಲರೂ ಜಯನಗರದಲ್ಲಿ ಹುಟ್ಟಿದವರ ಹಾಗೆ.

ನಾನು ಅದೇ ಸಾಲನ್ನು ನಾಲ್ಕು ಬಾಯಿಗೆ ನಾಲ್ಕು ಥರ ಮಾಡಿ ಕೊಟ್ಟೆ. ಧಾರವಾಡದಲ್ಲಿ ಓದಿ ಬಂದ ನಿವೃತ್ತ ಹೆಡ್‌ಮಾಸ್ತರಿಗೆ, "ನಾಳೆ ನ್ಯಾಯಾಲಯಕ್ಕ ಹೋಗಿ ಸಾಕ್ಷಿ ನುಡೀತೇನಿ." ವಿಜಯಪುರದಲ್ಲಿ ಡಿಗ್ರಿ ಮಾಡುವ ಅವನ ಮೊಮ್ಮಗನಿಗೆ, "ನಾಳೆ ಕೋರ್ಟಿಗೆ ಹೋಗಿ ಸ್ಟೇಟ್‌ಮೆಂಟ್ ಕೊಡ್ತೀನ್ರಿ." ಮಂಡ್ಯದಿಂದ ಅಲ್ಲಿಗೆ ವರ್ಗವಾಗಿ ಬಂದ ಪೇದೆಗೆ, "ನಾಳಿಕ್ಕೆ ಕೋಲ್ಟ್‌ಗೋಗಿ ಸಾಕ್ಸಿ ಯೋಳ್ತೀನಿ ಕಣಣ್ಣೋ." ಮುದುಕಿಗೆ ಮಾತ್ರ ಸಾಕ್ಷಿ ಎಂಬ ಮಾತನ್ನೇ ತೆಗೆದು ಹಾಕಿದೆ. ಪಂಚಾಯ್ತಿ ಕಟ್ಟೆ ಹತ್ತದ ಹೆಂಗಸು, ಶಾಲೆಯ ಮೆಟ್ಟಿಲು ತುಳಿಯದ ಹೆಂಗಸು. "ನಾಳಿಗಿ ಕೋರ್ಟಕ ಹೋಗಿ ಕಂಡದ್ದ ಹೇಳ್ತೀನಿ." ಅಷ್ಟೇ. ಅದನ್ನು ಓದಿ ನಿರಂಜನ್ ಎದ್ದು ನಿಂತು ನನ್ನ ಕೈ ಹಿಡಿದುಕೊಂಡಿದ್ದ.

ಈಗ ಅದೇ ನಿರಂಜನ್ ನನ್ನನ್ನು ಸುಮ್ಮನಿರಿ ಅನ್ನುತ್ತಿದ್ದಾನೆ. ಅದೂ ಬಂದು ನಾಲ್ಕೇ ದಿನವಾದ ಹುಡುಗಿಗೋಸ್ಕರ.

ಮುದುಕಿಯ ಪಾತ್ರ ಮಾಡಿದ್ದು ಮೈಸೂರಿನ ಸರ್ವಮಂಗಳಮ್ಮ. ನಾಟಕದಲ್ಲಿ ಪಳಗಿದವರು. ಮುಖದಲ್ಲಿ ಏನು ಬೇಕೋ ಅದೆಲ್ಲ ಬರುತ್ತದೆ, ಬಾಯಲ್ಲಿ ಮೈಸೂರು ಬಿಟ್ಟು ಬೇರೆ ಏನೂ ಬರುವುದಿಲ್ಲ. ಶೂಟಿಂಗಿನಲ್ಲಿ ನಾನು ಪಕ್ಕದಲ್ಲೇ ನಿಂತು ಹೇಳಿಕೊಟ್ಟರೂ 'ಹೇಳ್ತೀನಿ' ಅನ್ನುವ ಒಂದು ಮಾತಿನಲ್ಲೇ ಮೈಸೂರು ಇಣುಕುತ್ತಿತ್ತು. ಹಾಗಾಗಿ ಬೇರೆ ದನಿ ಹಾಕಿಸೋಣ ಅಂತಾಯಿತು. ಹತ್ತಾರು ಜನ ಬಂದು ಹೋದರು. ಹುಡುಕಾಟದ ಐದನೇ ದಿನ ಬಂದವಳು ಈ ಕಸ್ತೂರಿ ಬಿರಾದಾರ. ವಯಸ್ಸು ಮೂವತ್ತು. ಊರು ಇಂಡಿ ತಾಲೂಕಿನ ನಾಗರಳ್ಳಿ ಅಂದಳು. ಜೀನ್ಸ್ ಪ್ಯಾಂಟು, ಬೆನ್ನಿಗೊಂದು ಚೀಲ. ಮೈಕಿನ ಮುಂದೆ ನಿಂತು ಬಾಯಿ ತೆರೆದಳು ನೋಡಿ, ಎಪ್ಪತ್ತರ ಮುದುಕಿಯೇ ಎಲೆಯಡಿಕೆ ಉಗುಳಿ ಬಂದು ನಿಂತ ಹಾಗಿತ್ತು. ಸೌಂಡ್ ಇಂಜಿನಿಯರ್ ಡಾಮಿನಿಕ್ ಕುರ್ಚಿಯಿಂದ ಅರ್ಧ ಎದ್ದುಬಿಟ್ಟ.

"ಅಣ್ಣೋ, ಏನ್ ಗುರೂ ಇದು! ನಮ್ಮಜ್ಜಿ ನೆನ್ಪಾದ್ಳು, ನಮ್ಮಜ್ಜಿ ತಮಿಳಾದ್ರೂ."

ಮೊದಲ ದಿನವೇ ಅವಳು ನನ್ನನ್ನು ಕೆಣಕಿದಳು. ಹಾಳೆಯಲ್ಲಿ ನಾನು, "ಆ ಮಂದಿ ನನ್ನ ಹೆದರ್ಸಾಕ ಬಂದಾರ" ಅಂತ ಬರೆದಿದ್ದೆ. ಅವಳು ಓದಿ ನಿಲ್ಲಿಸಿದಳು.

"ಕಾಕಾ, ಇಂಡಿ ಕಡಿ 'ಹೆದರ್ಸಾಕ' ಅನ್ನಂಗಿಲ್ಲ. 'ಹೆದರಸ್ಲಾಕ' ಅಂತಾರ. ನೀವು ಬರದಂಗ ಅಂದ್ರ ಈ ಮುದುಕಿ ನಿಮ್ಮೂರಾಗ ಹುಟ್ಟಿ ಇಂಡಿಗಿ ಲಗ್ನಾಗಿ ಬಂದಾಕಿ ಆಗ್ತಾಳ."

ಡಾಮಿನಿಕ್ ನಕ್ಕ. ನಿರಂಜನ್ ನಕ್ಕ. ನನಗೆ ಉರಿದುಹೋಯಿತು. ಯಾಕೆಂದರೆ ಅವಳು ಹೇಳಿದ್ದು ಸರಿ. ನಮ್ಮ ಹುನಗುಂದ ಕಡೆ 'ಮಾಡಾಕ, ಹೋಗಾಕ'. ಅವರ ಕಡೆ 'ಮಾಡ್ಲಾಕ, ಹೋಗ್ಲಾಕ'. ನನಗೆ ಗೊತ್ತಿಲ್ಲದ್ದಲ್ಲ. ಬರೆಯುವಾಗ ಕೈ ತನ್ನ ಊರಿಗೇ ಎಳೆದಿತ್ತು. ಅದನ್ನು ಹದಿನೈದು ಕಡೆ ತಿದ್ದಿದೆವು.

ಸಂಜೆ ಚಹಾ ಕುಡಿಯುವಾಗ ನಿರಂಜನ್ ಅಂದ, "ನೆಕ್ಸ್ಟ್ ಸಿನಿಮಾ ಪೂರ್ತಿ ಆ ಕಡೇದೇ ಇದೆ ಯಮನೂರಪ್ಪನೋರೇ. ಆ ಹುಡುಗೀನ ಸ್ಕ್ರಿಪ್ಟಿಗೇ ಕೂರಿಸ್ಕೊಂಡ್ರೆ ಹೆಂಗೆ? ಅಲ್ಲೇ ಹುಟ್ಟಿರೋಳು. ಒರಿಜಿನಲ್ಲು."

ಒರಿಜಿನಲ್ಲು. ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ನನಗೆ ಇರುವುದು ಅದೊಂದೇ. ನಾನು ಓದಿದ್ದು ಏಳನೆಯ ತನಕ, ನಮ್ಮೂರ ಗುಡಿಯ ಪಕ್ಕದ ಶಾಲೆಯಲ್ಲಿ. ಈ ಊರಿನಲ್ಲಿ ಓದಿದವರು, ಬರೆಯುವವರು, ಇಂಗ್ಲಿಷಿನಲ್ಲಿ ಬಡಬಡಿಸುವವರು ಸಾವಿರ ಜನ ಇದ್ದಾರೆ. ಅವರ ನಡುವೆ ನನಗೊಂದು ಕುರ್ಚಿ ಹಾಕುವುದು ಯಾಕೆಂದರೆ, ಯಾವ ಬಾಯಿ ಯಾವ ಊರಿನದು ಅನ್ನುವುದರಲ್ಲಿ ಕೊನೆಯ ಮಾತು ನನ್ನದು ಅಂತ. ಆ ಕುರ್ಚಿ ಹೋದರೆ ನಾನು ಯಾರೂ ಅಲ್ಲ.

ಅವತ್ತಿನಿಂದ ನಾನು ಅವಳನ್ನು ಕಿವಿ ನಿಮಿರಿಸಿ ಕೇಳತೊಡಗಿದೆ. ಕೇಳಿದಷ್ಟೂ ಸಂಶಯ ಗಟ್ಟಿಯಾಯಿತು.

ಮೊದಲನೆಯದು, ಅವಳ ವಯಸ್ಸು ಮತ್ತು ಅವಳ ಮಾತು ಕೂಡುತ್ತಿರಲಿಲ್ಲ. ಮೈಕಿನ ಮುಂದೆ ಮುದುಕಿಯಾಗುವುದು ಸರಿ, ಅದು ಕಸುಬು. ಆದರೆ ಹೊರಗೆ ಬಂದು ನೀರು ಕೇಳುವಾಗಲೂ ಅವಳು ಮುದುಕಿಯ ಹಾಗೆಯೇ ಕೇಳುತ್ತಿದ್ದಳು. ಡಾಮಿನಿಕ್‌ನಿಗೆ ಜ್ವರ ಅಂದರೆ "ಮೈ ಕಾದೈತೇನ್ರೀ?" ಅನ್ನುವಳು. ಈಗಿನ ಮೂವತ್ತು ವರ್ಷದವರು ಆ ಕಡೆಯೂ "ಫೀವರ್ ಬಂದಾವೇನ್ರೀ" ಅನ್ನುತ್ತಾರೆ. ಟಿವಿ ನೋಡಿ, ಕಾಲೇಜಿಗೆ ಹೋಗಿ, ಎಲ್ಲರ ಮಾತಿನಲ್ಲೂ ಅಷ್ಟಿಷ್ಟು ಬೆಂಗಳೂರು ಸೇರಿಕೊಂಡಿದೆ. ಇವಳ ಮಾತಿನಲ್ಲಿ ಒಂದು ಚೂರೂ ಇಲ್ಲ. ಐವತ್ತು ವರ್ಷದ ಹಿಂದೆ ಮುಚ್ಚಿಟ್ಟ ಪೆಟ್ಟಿಗೆಯಿಂದ ತೆಗೆದ ಸೀರೆಯ ಹಾಗೆ. ಹೀಗೆ ಮಾತಾಡುವವರು ಇಬ್ಬರೇ. ಒಂದೋ ಮುದುಕರು, ಇಲ್ಲವೋ ಉರು ಹೊಡೆದವರು.

ಎರಡನೆಯ ದಿನ ಊಟದ ಹೊತ್ತಿನಲ್ಲಿ ಒಂದು ಬಲೆ ಹಾಕಿದೆ.

"ತಂಗಿ, ನಿಮ್ಮ ಕಡಿ ಬಿತ್ತೋ ಮುಂದ ಕೂರಿಗಿ ಹೂಡತಾರಲಾ, ಅದಕ್ಕ ಮೊದಲ ಹೊಲದಾಗ ಏನ ಹೊಡೀತಾರ?"

ಅವಳು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. "ಗೊತ್ತಿಲ್ಲ ಕಾಕಾ."

"ಕುಂಟಿ. ಕುಂಟಿ ಗೊತ್ತಿಲ್ಲ?"

"ಇಲ್ಲ."

"ಹೊಲ ಐತೋ ಇಲ್ಲೋ ನಿಮ್ಮದು?"

"ಇತ್ತಂತ. ನಾ ನೋಡಿಲ್ಲ."

ಇಂಡಿ ಕಡೆಯ ಒಕ್ಕಲುತನದ ಬಿರಾದಾರರ ಮಗಳು, ಹೊಲ ಹದ ಮಾಡುವ ಕುಂಟೆ ಗೊತ್ತಿಲ್ಲ! ನಾನು ಮತ್ತೇನೂ ಕೇಳಲಿಲ್ಲ. ಅವಳೂ ಅವತ್ತಿನಿಂದ ನನ್ನ ಎದುರು ಕೂತು ಉಣ್ಣಲಿಲ್ಲ.

ಮೂರನೆಯ ದಿನ ಸ್ಟುಡಿಯೋ ಕೆಳಗಿನ ಬೇಕರಿಯ ಮುಂದೆ ಅವಳು ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಬೇಕೆಂದೇ ಬೆನ್ನು ತಿರುಗಿಸಿ ನಿಂತು ಕೇಳಿದೆ. ಅರ್ಧ ಹಿಂದಿ, ಅರ್ಧ ಕೊಂಕಣಿ. ಕನ್ನಡ ಒಂದಕ್ಷರ ಇಲ್ಲ. ಮನೆಯವರ ಜೊತೆ ಆಡುವ ಮಾತಿನ ಹಾಗೆ ಸಲೀಸಾಗಿ ನಗುತ್ತಾ ಆಡುತ್ತಿದ್ದಳು. ನಾನು ಕೂಡಲೇ ಇಂಡಿ ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿರುವ ಸಿದ್ರಾಯನಿಗೆ ಫೋನು ಮಾಡಿದೆ.

"ಸಿದ್ರಾಯ, ನಾಗರಳ್ಳಿ ಬಿರಾದಾರ ಮನಿತನದಾಗ ಕಸ್ತೂರಿ ಅಂತ ಯಾರರ ಅದಾರೇನಪಾ? ಸಿನಿಮಾದಾಗ ಮಾತ ಹೇಳ್ತಾಳ."

ಅವನು ಒಂದು ತಾಸಿನಲ್ಲಿ ತಿರುಗಿ ಮಾಡಿದ. "ಇಲ್ಲೋ ಮಾರಾಯಾ. ಅಲ್ಲಿ ಇರೂದ ನಾಕು ಬಿರಾದಾರ ಮನಿ. ಯಾರಿಗೂ ಗೊತ್ತಿಲ್ಲ. ಯಾಕ, ಏನರ ಫಸಾಯಿಸಿ ಹೋದಳೇನು?"

ಇನ್ನೂ ಮೋಸ ಮಾಡಿಲ್ಲ, ಮಾಡುವವಳಿದ್ದಾಳೆ ಅಂದುಕೊಂಡೆ. ಎಲ್ಲೋ ಕೂತು ಹಳೆಯ ಸಿನಿಮಾ ನೋಡಿ, ರೇಡಿಯೋ ನಾಟಕ ಕೇಳಿ ಗಿಳಿಯ ಹಾಗೆ ಕಲಿತಿದ್ದಾಳೆ. ಆ ಊರಿನ ಹೆಸರು ಹೇಳಿಕೊಂಡು ಬಂದಿದ್ದಾಳೆ. ಆದರೆ ಕೈಯಲ್ಲಿ ಪುರಾವೆ ಇರಲಿಲ್ಲ. ಮಾತು ತಪ್ಪಿದರೆ ಹಿಡಿಯಬಹುದಿತ್ತು. ಒಂದೂ ತಪ್ಪುತ್ತಿರಲಿಲ್ಲ.

ನಾಲ್ಕನೆಯ ದಿನ, ಅಂದರೆ ಜಗಳದ ದಿನ, ಆರನೇ ರೀಲು ನಡೆಯುತ್ತಿತ್ತು. ಮುದುಕಿ ಹೆದರಿದ ಮೊಮ್ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದಾಳೆ. ಕ್ಯಾಮೆರಾ ಬೆನ್ನ ಹಿಂದೆ ಇದೆ. ಸರ್ವಮಂಗಳಮ್ಮನವರ ಬಾಯಿ ಕಾಣುವುದಿಲ್ಲ. ಇಂಥ ಕಡೆ ನಮಗೆ ಹಬ್ಬ. ತುಟಿ ಕಂಡರೆ ಅದು ಮುಚ್ಚುವ ಕಡೆ ನಮ್ಮ ಮಾತೂ ಮುಚ್ಚಬೇಕು, ತೆರೆಯುವ ಕಡೆ ತೆರೆಯಬೇಕು. ಬೆನ್ನು ತಿರುಗಿದ್ದರೆ ಎಷ್ಟು ಮಾತನ್ನಾದರೂ ಸೇರಿಸಬಹುದು. ನನ್ನ ಹಾಳೆಯಲ್ಲಿ ಅಲ್ಲಿ ಇದ್ದದ್ದು ಎರಡೇ ಮಾತು: "ಮಲಕೋ ಅವ್ವಿ."

ಕಸ್ತೂರಿ ಅದನ್ನು ಹೇಳಿದಳು. ಒಂದು ಉಸಿರು ಬಿಟ್ಟಳು. ಆಮೇಲೆ ತಾನೇ ಸೇರಿಸಿದಳು, ಬರೀ ಗಾಳಿಯ ದನಿಯಲ್ಲಿ:

"ಮಲಕೋ ನನ್ನ ಬೆಬ್ಬರಮಲ್ಲಿ..."

ಡಾಮಿನಿಕ್ ಕಣ್ಣು ಮುಚ್ಚಿದ. ನಿರಂಜನ್ ತೊಡೆ ತಟ್ಟಿದ. "ಅಬ್ಬಾ! ಏನ್ ಪದ ರೀ! ಕಸ್ತೂರಿ, ಎಲ್ಲಿಂದ ಬಂತು ಇದು?"

"ನಮ್ಮಾಯಿ ನನಗ ಹಂಗ ಕರೀತಿದ್ಳು ಸರ್."

ಸಿಕ್ಕಿಬಿದ್ದಳು!

ಆಗ ಶುರುವಾದ ಜಗಳವೇ ನಾನು ಮೊದಲು ಹೇಳಿದ್ದು.

ನಿರಂಜನ್ ನನ್ನ ಕೈಯನ್ನು ಗುಂಡಿಯಿಂದ ತೆಗೆದ. "ಸುಳ್ಳು ಅಂತ ಅಷ್ಟು ಗ್ಯಾರಂಟಿಯಾಗಿ ಹೆಂಗೆ ಹೇಳ್ತೀರಿ? ನೀವು ಕೇಳಿಲ್ಲ ಅಂದ್ರೆ ಇಲ್ವೇ ಇಲ್ಲ ಅಂತಾನಾ?"

"ನಾ ಕೇಳೀನಿ. ಎಲ್ಲರಕಿಂತ ಮೊದಲ ನಾನ ಕೇಳೀನಿ."

"ಮತ್ತೆ?"

"ಯಾಕಂದ್ರ ಅದನ್ನ ಹುಟ್ಟಿಸಿದಾಂವ ನಾನು!"

ನಾನು ಡಾಮಿನಿಕ್‌ನ ಕಡೆ ತಿರುಗಿದೆ. "ಹೇಳೋ. ಇದ ಸ್ಟುಡಿಯೋ, ಇದ ಕೋಣಿ. ಎರಡ ಸಾವಿರದ ಮೂರು. ನೀ ಆಗ ಇಲ್ಲಿ ವೈರ್ ಸುತ್ತತಿದ್ದಿ. ನಿನಗ ನೆನಪಿಲ್ಲೇನು ಪೆಪ್ಪರ್ಮೆಂಟು?"

ಡಾಮಿನಿಕ್ ತಲೆ ಕೆರೆದುಕೊಂಡ. ಆಮೇಲೆ ಅವನ ಮುಖ ಅರಳಿತು. "ಅಯ್ಯೋ ಹೌದಲ್ಲಾ! ಪೆಪ್ಪರ್ಮೆಂಟು! ಸಾರ್, ಅಣ್ಣ ಹೇಳ್ತಿರೋದು ನಿಜ."

ಆಗಿದ್ದು ಹೀಗೆ. ಆಗ ನಾನು ಸೆಟ್ಟಿಗೆ ಬಣ್ಣ ಹೊಡೆಯುತ್ತಿದ್ದೆ. ಒಂದು ದಿನ ನಮ್ಮ ಕಡೆಯ ಹಳ್ಳಿಯ ಸೀನು ತೆಗೆಯುವಾಗ, ಯಾರೂ ಹಿಂಗೆ ಮಾತಾಡಲ್ಲ ಅಂತ ಬ್ರಷ್ಷು ಬಿಸಾಡಿ ಕೂಗಾಡಿದ್ದಕ್ಕೆ, ಆ ನಿರ್ದೇಶಕ ನನ್ನನ್ನು ಡಬ್ಬಿಂಗಿಗೆ ಕರೆತಂದು ಕೂರಿಸಿದ. ಅದು ನನ್ನ ಮೊದಲ ಕೆಲಸ. ಅದರಲ್ಲಿ ಅಜ್ಜಿ ಮೊಮ್ಮಗಳನ್ನು ಮುದ್ದು ಮಾಡುತ್ತ, "ಬಾರೇ ನನ್ನ ಪೆಪ್ಪರ್ಮೆಂಟು" ಅಂತ ಸೆಟ್ಟಿನಲ್ಲಿ ಹೇಳಿದ್ದಳು. ಹಳ್ಳಿಯ ಅಜ್ಜಿ ಪೆಪ್ಪರ್ಮೆಂಟು ಅನ್ನಬಾರದು, ಊರಿನ ಮಾತು ಹಾಕಿ ಅಂದ ನಿರ್ದೇಶಕ. ಆದರೆ ಮುಖ ಪರದೆ ತುಂಬ ಇದೆ. ತುಟಿ ಮೂರು ಸಲ ಮುಚ್ಚುತ್ತದೆ. ಪೆ, ಪ್ಪ, ಮೆ. ನಮ್ಮಲ್ಲಿ ಮುದ್ದಿನ ಮಾತಿಗೆ ಬರವೇ? ಬಂಗಾರದಂಥಾಕಿ, ಕೂಸು, ಅವ್ವಿ, ಗಿಣಿ. ಒಂದೂ ಆ ತುಟಿಗೆ ಕೂರಲಿಲ್ಲ. ಅರ್ಧ ತಾಸು ಒದ್ದಾಡಿ, ಬ ಮ ಅಂತ ಏನೇನೋ ಗೊಣಗುತ್ತ, ಕೊನೆಗೆ ಬಾಯಿಗೆ ಬಂದದ್ದು ಬೆಬ್ಬರಮಲ್ಲಿ. ಅಂಟು ಹಾಕಿದ ಹಾಗೆ ಕೂತಿತು. "ಇದೇನಿದು ಪದ?" ಅಂದ ಆ ನಿರ್ದೇಶಕ. "ನಮ್ಮ ಕಡಿ ಮುದುಕೇರು ಹಂಗ ಅಂತಾರ್ರೀ" ಅಂದೆ ನಾನು. ಹೊಸ ಕೆಲಸ. ಹೊಟ್ಟೆಪಾಡು.

ಇದನ್ನೆಲ್ಲ ನಾನು ನಿರಂಜನ್‌ನಿಗೆ ಎದೆ ಉಬ್ಬಿಸಿಕೊಂಡು ಹೇಳಿದೆ. "ಈಗ ತಿಳೀತೇನು? ಈಕಿ ಆ ಸಿನಿಮಾ ನೋಡಿ ಕಲತಾಳ. ಆಯಿನೂ ಇಲ್ಲ ಏನೂ ಇಲ್ಲ. ನಾಗರಳ್ಳಿಗೆ ಫೋನ ಮಾಡಿ ಕೇಳೀನಿ, ಅಲ್ಲೆ ಈಕಿ ಹೆಸರ ಯಾರಿಗೂ ಗೊತ್ತಿಲ್ಲ. ಕುಂಟಿ ಅಂದ್ರ ಗೊತ್ತಿಲ್ಲ ಈಕಿಗಿ!"

ನಿರಂಜನ್ ಮೊದಲು ನಕ್ಕ. ಆಮೇಲೆ ಅವನ ನಗು ಅರ್ಧಕ್ಕೇ ನಿಂತಿತು. ಅವನು ನನ್ನನ್ನು ಹೊಸಬನನ್ನು ನೋಡುವ ಹಾಗೆ ನೋಡಿದ.

"ನಮ್ಮ ಕಡೆ ಮುದುಕಿಯರು ಹಂಗಂತಾರೆ ಅಂತ ಹೇಳಿದ್ರಾ ಆಗ?"

"ಹೌದು. ಅದಕ್ಕ?"

"ಹಂಗನ್ನೋದೇ ಇಲ್ಲ ಅಂತ ಗೊತ್ತಿದ್ದೂ?"

"ತುಟಿ ಕೂಡ್ಲಿಲ್ಲ ಅಂತ ಮಾಡಿದ್ದು. ಅದ ಬ್ಯಾರೆ."

ಅವನು ಮೇಜಿನ ಮೇಲಿದ್ದ ನನ್ನ ಹಾಳೆಗಳ ಕಟ್ಟು ಎಳೆದುಕೊಂಡ. ಬೆರಳಿಟ್ಟು ಒಂದೊಂದೇ ಸಾಲು ನೋಡತೊಡಗಿದ. "ಇದು? 'ಹೊತ್ತ ಕಂತೋದ್ರಾಗ' ಅಂತಿದೆ. ಇದು ನಿಜವಾಗ್ಲೂ ಇದೆಯಾ?"

"ಐತಿ!"

"ಇದು? 'ಎದಿ ಝಲ್ಲಂತು'?"

"ಅದೂ ಐತಿ. ಏನ ಪರೀಕ್ಷಾ ತಗೊಳ್ಳಾಕತ್ತೀರೇನು?"

"ಇದು? 'ಮಾತಿನ ಮಗ್ಗಲ ಮುರದಾಂವ'?"

ನಾನು ಬಾಯಿ ತೆರೆದೆ. ಉತ್ತರ ತಟ್ಟನೆ ಬರಲಿಲ್ಲ. ನಮ್ಮ ಅಪ್ಪ ಅನ್ನುತ್ತಿದ್ದನೋ, ಯಾವುದಾದರೂ ಸಿನಿಮಾಕ್ಕೆ ನಾನೇ ಜೋಡಿಸಿದ್ದೋ? ಹದಿನೈದು ವರ್ಷದಿಂದ ಅದನ್ನು ಅಲ್ಲಲ್ಲಿ ಹಾಕುತ್ತ ಬಂದಿದ್ದೇನೆ. ಎಲ್ಲಿಂದ ಬಂತು ಅಂತ ಒಮ್ಮೆಯೂ ತಿರುಗಿ ನೋಡಿರಲಿಲ್ಲ. ನಾನು ಸುಮ್ಮನಾದದ್ದನ್ನು ಅವನು ನೋಡಿದ. ಅದೇ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಒಂದು ಸಣ್ಣ ಗೆರೆ ಎಳೆದ. ಆ ಗೆರೆ ಎಳೆದ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಗಾಜಿನ ಕೋಣೆಯ ದಪ್ಪ ಬಾಗಿಲು ತೆರೆದುಕೊಂಡಿತು. ಕಸ್ತೂರಿ ಹೊರಗೆ ಬಂದಳು. ಗುಂಡಿ ಒತ್ತಿರಲಿಲ್ಲವಾದ್ದರಿಂದ ಅವಳಿಗೆ ನಮ್ಮ ಮಾತು ಪೂರ್ತಿ ಕೇಳಿರಲಿಲ್ಲ. ಮುಖಗಳನ್ನಷ್ಟೇ ನೋಡಿದ್ದಳು.

"ಸರ್, ಕಾಕಾ ಏನ ಹೇಳಿದ್ರು?"

ಡಾಮಿನಿಕ್ ನೆಲ ನೋಡಿದ. ನಿರಂಜನ್ ಹೇಳಿದ, ಎಲ್ಲವನ್ನೂ, ಸ್ವಲ್ಪ ಮೆತ್ತಗೆ. ಪೆಪ್ಪರ್ಮೆಂಟಿನ ಮಾತು ಬಂದಾಗ ಅವಳ ಹುಬ್ಬು ಗಂಟಾಯಿತು.

"ನಾ ಆ ಸಿನಿಮಾ ನೋಡಿಲ್ಲ," ಅಂದಳು. "ಆಣಿ ಮಾಡಂದ್ರ ಮಾಡ್ತೀನಿ."

"ನೋಡದ ಈ ಮಾತ ಹ್ಯಾಂಗ ಬಂತು? ಹಾರಿ ಬಂತೇನು?" ಅಂದೆ.

"ನಮ್ಮಾಯಿ ಅಂತಿದ್ಳು ಅಂದ್ನೆಲ್ರಿ. ಎಷ್ಟ ಸಲ ಹೇಳ್ಲಿ?" ಅವಳ ದನಿ ಏರಿತು. "ನಾಗರಳ್ಳ್ಯಾಗ ನನ್ನ ಯಾರೂ ಬಲ್ಲಂಗಿಲ್ಲ, ಖರೇ. ನಾ ಅಲ್ಲಿ ಇದ್ದ ಬೆಳದಾಕಿ ಅಲ್ಲ. ನನಗ ಎರಡ ವರ್ಷ ಇದ್ದಾಗ ಅಪ್ಪ ಅವ್ವ ದುಡೀಲಾಕಂತ ಗೋವಾಕ್ಕ ಹೋದ್ರು. ವಾಸ್ಕೋದಾಗ ತಗಡಿನ ಶೆಡ್ಡು. ಅವರು ಮುಂಜಾನಿ ಕಟ್ಟಡದ ಕೆಲಸಕ್ಕ ಹೋದ್ರ ರಾತ್ರೀಗಿ ಬರೋರು. ನನ್ನ ಸಾಕಿದಾಕಿ ಆಯಿ. ಸಾಲ್ಯಾಗ ಹಿಂದಿ, ಓಣ್ಯಾಗ ಕೊಂಕಣಿ. ಕನ್ನಡ ಅಂದ್ರ ನನಗ ಆಯಿ ಒಬ್ಬಾಕೀನ. ಆಕಿ ಹ್ಯಾಂಗ ಮಾತಾಡ್ತಿದ್ಳೋ ನಾನೂ ಹಂಗ. ಕುಂಟಿ ಎಲ್ಲಿಂದ ಗೊತ್ತಾಗಬೇಕ ಕಾಕಾ? ಅಲ್ಲಿ ಇದ್ದದ್ದು ಸಿಮೆಂಟ."

ಮೂರು ದಿನ ನನ್ನನ್ನು ಕೊರೆದ ಎಲ್ಲ ಸಂಶಯಕ್ಕೂ ಅವಳು ಒಂದೇ ಉಸಿರಿನಲ್ಲಿ ಉತ್ತರ ಕೊಟ್ಟಿದ್ದಳು. ಮೂವತ್ತರ ಹೆಂಗಸಿನ ಬಾಯಲ್ಲಿ ಎಪ್ಪತ್ತರ ಮಾತು ಯಾಕೆ, ಅದರಲ್ಲಿ ಬೆಂಗಳೂರಿನ ನೆರಳೂ ಯಾಕಿಲ್ಲ, ಎಲ್ಲಕ್ಕೂ. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ತಪ್ಪಾಯಿತು ತಂಗಿ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಪೆನ್ಸಿಲ್ ಗೆರೆ ಕಣ್ಣ ಮುಂದೆ ಇತ್ತು. ಗೆಲ್ಲಬೇಕಿತ್ತು ನನಗೆ.

"ಎಂದಿನಿಂದ?" ಅಂದೆ.

"ಏನು?"

"ನಿಮ್ಮಾಯಿ ನಿನ್ನ ಹಂಗ ಕರ್ಯಾಕ ಶುರು ಮಾಡಿದ್ದು ಎಂದಿನಿಂದ? ಹುಟ್ಟಿದಾಗಿಂದನೋ, ನಡಬರಕೋ?"

ಅವಳು ಉತ್ತರ ಕೊಡಲು ಬಾಯಿ ತೆರೆದಳು. ತಡೆದು ಯೋಚನೆ ಮಾಡತೊಡಗಿದಳು. ಅವಳು ಯೋಚಿಸುವುದನ್ನು ನೋಡುತ್ತ ನನಗೇ ಭಯವಾಯಿತು.

"ಮೊದಲ ಬರೇ ಕಸ್ತೂರಿ ಅಂತಿದ್ಳು," ಅಂದಳು ನಿಧಾನವಾಗಿ. "ನಾಕನೇತ್ತ ಇದ್ದಾಗ... ಆಮ್ಯಾಲ..."

"ನಾಕನೇ ಕ್ಲಾಸು, ಹತ್ತ ವರ್ಷದಾಕಿ. ಅಂದ್ರ ಎರಡ ಸಾವಿರದ ನಾಕು, ನನ್ನ ಸಿನಿಮಾದ ಮರುವರ್ಷ," ಅಂದೆ. "ಶೆಡ್ಡಿನಾಗ ಟಿವಿ ಇತ್ತೇನು?"

"ನಮ್ಮದ್ರಾಗ ಇದ್ದಿಲ್ಲ. ಆಚಿ ಶೆಡ್ಡಿನ ಮುದ್ದೇಬಿಹಾಳ ಮಂದಿಗಿ ಇತ್ತು. ಸೀಡಿ ಹಾಕೋರು. ಕನ್ನಡದ್ದು ಅವರ ಹಂತ್ಯಾಕ ಒಂದ ಸೀಡಿ ಇತ್ತಂತ. ಐತಾರಕ್ಕೊಮ್ಮಿ ಆಯಿ ಹೋಗ್ತಿದ್ಳು. ನನ್ನ ಕರಕೊಂಡ ಹೋಗ್ತಿದ್ದಿಲ್ಲ, ಓದು ಅಂತಿದ್ಳು. ಬಂದು ಎಲ್ಲಾ ಹೇಳ್ತಿದ್ಳು. 'ಥೇಟ್ ನಮ್ಮಂಗ ಮಾತಾಡ್ತಾರವಾ, ಥೇಟ್ ನಮ್ಮಂಗ' ಅಂತ ಕಣ್ಣೀರ ಒರಸ್ಕೋತಿದ್ಳು..."

ಅಲ್ಲಿಗೆ ನಿಂತಳು.

ಆ ಒಂದು ಸೀಡಿ ಯಾವ ಸಿನಿಮಾದ್ದೆಂದು ಈಗ ಎಲ್ಲರಿಗೂ ಹೊಳೆದಿತ್ತು. ಪರದೆಯ ಮೇಲೆ ಸರ್ವಮಂಗಳಮ್ಮ ಬೆನ್ನು ತಿರುಗಿಸಿ ಮೊಮ್ಮಗಳ ತಲೆ ಮೇಲೆ ಕೈ ಇಟ್ಟುಕೊಂಡು ಹಾಗೇ ಕೂತುಬಿಟ್ಟಿದ್ದರು.

ಥೇಟ್ ನಮ್ಮಂಗ. ಇಪ್ಪತ್ತೊಂದು ವರ್ಷದಲ್ಲಿ ನನ್ನ ಕೆಲಸಕ್ಕೆ ಯಾರೂ ಅಂಥ ಮಾತು ಕೊಟ್ಟಿರಲಿಲ್ಲ. ಅದು ಸಿಕ್ಕಿದ್ದು ಯಾವಾಗ ನೋಡಿ.

"ಆಕಿ ಸತ್ತ ಏಳ ವರ್ಷ ಆತು," ಅಂದಳು ಕಸ್ತೂರಿ. ನನ್ನ ಜೊತೆಗಲ್ಲ, ಯಾರ ಜೊತೆಗೂ ಅಲ್ಲ. "ದವಾಖಾನ್ಯಾಗ ಕಡೀಗೆ ನನ್ನ ಗುರ್ತ ಹಿಡದದ್ದು ಆ ಹೆಸರ್ಲೆ. ಕಸ್ತೂರಿ ಅನ್ನೂದ ಮರತಿದ್ಳು. ಬೆಬ್ಬರಮಲ್ಲಿ ಬಂದ್ಯಾ ಅಂದ್ಳು. ನಾ ಏನ ತಿಳಕೊಂಡಿದ್ದೆ ಅಂದ್ರ, ಆಕಿಗಿ ಆಕಿ ಆಯಿ ಕರದಿರಬೇಕು, ಆ ಆಯಿಗಿ ಅವರಾಯಿ... ಊರ ಬಿಟ್ರೂ ಅದೊಂದು ನಮ್ಮ ಜೋಡಿ ಬಂದೈತಿ ಅಂತ."

ಆಗ ನಾನು ಒಂದು ಕೆಲಸ ಮಾಡಿದೆ. ಇಪ್ಪತ್ತೊಂದು ವರ್ಷದ ಹಿಂದೆ ಮಾಡಿದ್ದನ್ನೇ ಮತ್ತೆ ಮಾಡಿದೆ.

"ಇರತೈತಿ ತಂಗಿ," ಅಂದೆ. "ನಾ ಹುಟ್ಟಿಸಿದೆ ಅಂತ ಅಂದ್ಕೊಂಡೀನಿ ಅಷ್ಟ. ಸಣ್ಣಾಂವ ಇದ್ದಾಗ ನಾನೂ ಎಲ್ಲರ ಕೇಳಿರಬೇಕು. ಯಾವ ಮುದುಕಿ ಬಾಯಾಗರ. ಬಾಯಿಗೆ ಸುಮ್ಸುಮ್ನ ಬರಂಗಿಲ್ಲ. ಹಳೇ ಮಾತನ ಇರಬೇಕದು."

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಕಣ್ಣು ಒದ್ದೆಯಾಗಿರಲಿಲ್ಲ. ಹಾಳೆಯಲ್ಲಿ ತಪ್ಪು ಸಾಲು ಸಿಕ್ಕಾಗ ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು.

"ಕಾಕಾ," ಅಂದಳು, "ಈಗ ಸುಳ್ಳ ಹೇಳ್ಲಾಕತ್ತಿದ್ದು ನೀವು."

ನಾನು ಮೇಜಿನ ಮೇಲಿನ ಹಾಳೆಗಳನ್ನು ಸರಿಪಡಿಸತೊಡಗಿದೆ.

ಅವಳು ಕೊರಳಿಗೆ ಜೋತುಬಿದ್ದಿದ್ದ ಹೆಡ್‌ಫೋನು ತೆಗೆದು ಮೇಜಿನ ಮೇಲೆ, ನನ್ನ ಹಾಳೆಗಳ ಮೇಲೆ ಇಟ್ಟಳು. ಕುರ್ಚಿಗೆ ತಗುಲಿಹಾಕಿದ್ದ ಚೀಲ ಬೆನ್ನಿಗೇರಿಸಿದಳು.

"ಕಸ್ತೂರಿ, ಪ್ಲೀಸ್," ಅಂದ ನಿರಂಜನ್. "ಇನ್ನೆರಡು ರೀಲಿದೆ ಅಷ್ಟೇ. ಆ ಪದ ಬೇಕಾದ್ರೆ ತೆಗೆದ್‌ಬಿಡೋಣ. ಯಮನೂರಪ್ಪನೋರು ಹೊರಗಿರ್ತಾರೆ."

ಯಮನೂರಪ್ಪನವರು ಹೊರಗಿರುತ್ತಾರೆ. ಅಷ್ಟು ಸಲೀಸಾಗಿ ಅಂದ.

"ಇರ್ಲಿ ಸರ್, ಯಾಕ ತಗೀತೀರಿ," ಅಂದಳು ಅವಳು. "ಕಾಕಾನ ಮಾತು. ಅವರಿಗೆ ಇರ್ಲಿ."

ದಪ್ಪ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಸ್ಟುಡಿಯೋ ಬಾಗಿಲುಗಳು ಹಾಗೇ, ಜಗ್ಗಿ ಬಡಿದರೂ ಸದ್ದಾಗುವುದಿಲ್ಲ. ಡಾಮಿನಿಕ್ ಎದ್ದು ಹಿಂದೆ ಹೋದ. ಮೆಟ್ಟಿಲಿಳಿದು ಬೇಕರಿಯವರೆಗೂ ಹೋಗಿ ಒಬ್ಬನೇ ತಿರುಗಿ ಬಂದ.

ಮರುದಿನ ಹತ್ತಕ್ಕೆ ಮೂವರೂ ಬಂದು ಕೂತೆವು. ಡಾಮಿನಿಕ್ ಆರನೇ ರೀಲು ಹಾಕಿ, ಬೆನ್ನು ತಿರುಗಿದ ಆ ದೃಶ್ಯದಲ್ಲಿ ನಿಲ್ಲಿಸಿ, ಕೋಣೆಯ ದೀಪ ಹಚ್ಚಿ, ಮೈಕನ್ನು ಅವಳ ಎತ್ತರಕ್ಕೆ ಇಳಿಸಿ ಇಟ್ಟ. ಹನ್ನೊಂದಾಯಿತು. ಹನ್ನೆರಡಾಯಿತು. ಅವಳ ಫೋನು ಬಂದ್ ಇತ್ತು. ಒಂದೂವರೆಗೆ ನಿರಂಜನ್ ಎದ್ದು, ನನ್ನ ಕಡೆ ನೋಡದೆ, ಆ ಕೋಣೆಯ ದೀಪ ಆರಿಸಿದ.